ಭಾವಚಿತ್ರ ನೋಡಿ ಮೀಸೆಗೆ ಕತ್ತರಿ

ಮೀಸೆಗೆ ಆಕಾರ ಕೊಡುವುದು ಮೂರು ಗೆರೆಗಳು. ಮೂಗಿನ ಕೆಳಗಿನದು ಮೇಲ್ಗೆರೆ, ಮೇಲ್ತುಟಿಯ ಕೆಂಪು ಶುರುವಾಗುವಲ್ಲಿನದು ಕೆಳಗೆರೆ, ಕಟಬಾಯಿಯ ಆಚೀಚೆ ಮೀಸೆ ಮುಗಿಯುವ ಜಾಗ ಕೊನೆಗೆರೆ. ಕನ್ನಡಿಯ ಮುಂದೆ ಕತ್ತರಿ ಹಿಡಿದವನಿಗೆ ಈ ಮೂರೂ ಒಟ್ಟಿಗೆ ಕಾಣುವುದಿಲ್ಲ. ಕೈ ಅಡ್ಡ ಬರುತ್ತದೆ, ಮುಖ ಓರೆಯಾಗುತ್ತದೆ. ನಿಂತ ಭಾವಚಿತ್ರದಲ್ಲಿ ಅವು ಒಟ್ಟಿಗೆ ಸಿಗುತ್ತವೆ. ಆದರೆ ಚಿತ್ರದಲ್ಲಿ ಕಾಣುವ ಓರೆಕೋರೆಗಳಲ್ಲಿ ಕೆಲವು ಮೀಸೆಯವು, ಕೆಲವು ಚಿತ್ರದವು. ಕತ್ತರಿ ಆಡಿಸುವ ಮೊದಲು ಇವೆರಡನ್ನು ಬೇರೆ ಮಾಡಿಕೊಳ್ಳಬೇಕು.

ಕೈ ಚಾಚಿ ತೆಗೆದ ಸೆಲ್ಫಿ ಇದಕ್ಕೆ ಒದಗುವುದಿಲ್ಲ. ಅಷ್ಟು ಹತ್ತಿರದಿಂದ ಮೂಗು ದಪ್ಪವಾಗಿ, ಕೆನ್ನೆಗಳು ಹಿಂದೆ ಸರಿದು, ಮೀಸೆಯ ತುದಿಗಳು ಗಿಡ್ಡವಾಗಿ ಕಾಣುತ್ತವೆ. ಕೆಲವು ಫೋನುಗಳು ಸೆಲ್ಫಿಯನ್ನು ಕನ್ನಡಿಯಂತೆ ಎಡಬಲ ತಿರುಗಿಸಿಯೂ ಇಡುತ್ತವೆ. ಮತ್ತೊಬ್ಬರು ಒಂದೂವರೆ ಮೀಟರ್ ದೂರ ನಿಂತು, ಕ್ಯಾಮೆರಾವನ್ನು ತುಟಿಯ ಎತ್ತರಕ್ಕೆ ಹಿಡಿದು ತೆಗೆದದ್ದು ಒಳ್ಳೆಯದು. ಬೆಳಕು ಎದುರಿನ ಕಿಟಕಿಯಿಂದ ಬರಬೇಕು. ನೆತ್ತಿಯ ಮೇಲಿನ ದೀಪ ಮೀಸೆಯ ನೆರಳನ್ನು ತುಟಿಯ ಮೇಲೆ ಬೀಳಿಸುತ್ತದೆ, ಆ ನೆರಳೂ ಕೂದಲೆಂದೇ ತೋರುತ್ತದೆ. ಚಿತ್ರ ದೊಡ್ಡದು ಮಾಡಿ ನೋಡಿದಾಗ ಅಂಚಿನಲ್ಲಿ ಎಳೆ ಎಳೆಯಾಗಿ ಕಂಡರೆ ಕೂದಲು, ಮಸುಕಾಗಿ ಕರಗಿದರೆ ನೆರಳು. ಮೀಸೆ ಒಣಗಿರಬೇಕು, ಕೆಳಮುಖವಾಗಿ ಬಾಚಿರಬೇಕು, ಬಾಯಿ ಬಿಗಿಯದೆ ಸುಮ್ಮನೆ ಮುಚ್ಚಿರಬೇಕು. ನಕ್ಕರೆ ತುಟಿ ಎಳೆದುಕೊಂಡು ತೆಳುವಾಗುತ್ತದೆ, ಮೀಸೆ ಇರುವುದಕ್ಕಿಂತ ಹೆಚ್ಚು ತುಟಿ ಮುಚ್ಚಿದಂತೆ ಕಾಣುತ್ತದೆ.

ಇನ್ನು ಅಳತೆ. ಒಬ್ಬ ಗೃಹಸ್ಥರ ದಪ್ಪ ಮೀಸೆಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಒಂದು ಕಟಬಾಯಿಯಿಂದ ಇನ್ನೊಂದಕ್ಕೆ ಅವರ ಬಾಯಿಯ ಅಗಲ ಸ್ಕೇಲಿನಲ್ಲಿ 50 ಮಿಲಿಮೀಟರ್, ಮುದ್ರಿಸಿದ ಚಿತ್ರದಲ್ಲಿ 25. ಅಂದರೆ ಚಿತ್ರದ ಒಂದು ಮಿಲಿಮೀಟರ್ ಮುಖದ ಮೇಲೆ ಎರಡು. ಚಿತ್ರದಲ್ಲಿ ಬಲದ ತುದಿ ಕಟಬಾಯಿ ದಾಟಿ ಮೂರೂವರೆ ಮಿಲಿಮೀಟರ್ ಹೋಗಿದೆ, ಎಡದ್ದು ಎರಡೇ. ಲೆಕ್ಕದ ಪ್ರಕಾರ ಮುಖದ ಮೇಲೆ 7 ಮತ್ತು 4, ಮೂರು ಮಿಲಿಮೀಟರ್ ಹೆಚ್ಚುಕಡಿಮೆ. ಇಲ್ಲೇ ಆತುರ ಪಡಬಾರದು. ಅದೇ ಚಿತ್ರದಲ್ಲಿ ಬಲಗಿವಿ ಪೂರ್ತಿ ಕಾಣುತ್ತಿದೆ, ಎಡಗಿವಿಯ ಅಂಚಷ್ಟೇ ಕಾಣುತ್ತಿದೆ. ಮುಖ ಅವರ ಎಡಕ್ಕೆ ತಿರುಗಿದೆ, ಹಾಗಾಗಿ ಬಲಗೆನ್ನೆ ಕ್ಯಾಮೆರಾಕ್ಕೆ ಎದುರಾಗಿ ಆ ಬದಿಯ ತುದಿ ಉದ್ದ ಕಾಣುತ್ತಿದೆ. ಎರಡೂ ಕಿವಿ ಸಮನಾಗಿ ಕಾಣುವಂತೆ ತೆಗೆದ ಇನ್ನೊಂದು ಚಿತ್ರದಲ್ಲಿ ಅಳತೆ ಮೂರು ಮತ್ತು ಎರಡೂವರೆ, ಅಂದರೆ 6 ಮತ್ತು 5. ನಿಜವಾದ ವ್ಯತ್ಯಾಸ ಒಂದೇ ಮಿಲಿಮೀಟರ್. ಮೊದಲ ಚಿತ್ರ ನಂಬಿ ಬಲಗಡೆ ಮೂರು ಕತ್ತರಿಸಿದ್ದರೆ ಮೀಸೆ ಎಡಕ್ಕೆ ವಾಲುತ್ತಿತ್ತು.

ತಲೆ ವಾಲಿದ್ದರೆ ಕೆಳಗೆರೆ ಸೊಟ್ಟಗೆ ಕಾಣುತ್ತದೆ. ಎರಡು ಕಣ್ಣುಗುಡ್ಡೆಗಳನ್ನು ಸೇರಿಸಿ ಒಂದು ಗೆರೆ, ಎರಡು ಕಟಬಾಯಿಗಳನ್ನು ಸೇರಿಸಿ ಇನ್ನೊಂದು ಗೆರೆ ಎಳೆದರೆ ವಿಷಯ ತಿಳಿಯುತ್ತದೆ. ಎರಡೂ ಒಂದೇ ಕಡೆಗೆ ವಾಲಿದ್ದರೆ ವಾಲಿದ್ದು ತಲೆ. ಕಣ್ಣಿನ ಗೆರೆ ನೇರವಿದ್ದು ಬಾಯಿಯದು ಮಾತ್ರ ವಾಲಿದ್ದರೆ ಅದು ಆ ಬಾಯಿಯ ಸಹಜ ರೂಪ. ಆಗ ಮೀಸೆಯನ್ನು ತುಟಿಗೇ ಹೊಂದಿಸುವುದು ಲೇಸು. ಮೀಸೆಯ ನಡುವನ್ನು ಮೂಗಿನ ತುದಿಯಿಂದ ಗುರುತಿಸಬಾರದು, ಬಹಳ ಮಂದಿಯ ಮೂಗು ಸ್ವಲ್ಪ ಓರೆ. ಮೂಗಿನಡಿಯಿಂದ ತುಟಿಗೆ ಇಳಿಯುವ ಸಣ್ಣ ತೋಡೇ ನಂಬಿಕೆಯ ಗುರುತು.

ತುಟಿ ಎಷ್ಟು ಮುಚ್ಚಿದೆ ಎಂಬುದು ಚಿತ್ರವೊಂದರಿಂದಲೇ ತಿಳಿಯುವುದಿಲ್ಲ, ಮುಚ್ಚಿದ ಭಾಗ ಕಾಣುವುದೇ ಇಲ್ಲವಲ್ಲ. ಕೂದಲನ್ನು ಬಾಚಣಿಗೆಯಿಂದ ಮೇಲೆತ್ತಿ ತುಟಿಯ ಕೆಂಪನ್ನು ಒಮ್ಮೆ ಅಳೆಯಬೇಕು. ಈ ಗೃಹಸ್ಥರದು 8 ಮಿಲಿಮೀಟರ್. ಚಿತ್ರದಲ್ಲಿ ಕಾಣುವುದು ಎರಡು, ಎಂದರೆ ನಿಜದಲ್ಲಿ ನಾಲ್ಕು. ಅರ್ಧ ತುಟಿ ಮೀಸೆಯಡಿ ಇದೆ. ಕುಡಿದ ಕಾಫಿಯ ನೊರೆ ಕೂದಲಿಗೆ ಅಂಟುವುದು ಇದರಿಂದಲೇ. ಅವರಿಗೆ ಬೇಕಾದದ್ದು ತುಟಿಯಂಚು ಬಿಡಿಸಿ ಕಾಣುವುದು, ಹಾಗಾಗಿ ತೆಗೆಯಬೇಕಾದದ್ದು ನಾಲ್ಕು ಮಿಲಿಮೀಟರ್. ಒಂದೇ ಸಲಕ್ಕೆ ಅಷ್ಟೂ ತೆಗೆಯುವಂತಿಲ್ಲ. ಭಾರ ಕಡಿಮೆಯಾದ ಗುಂಗುರು ಕೂದಲು ಮೇಲೆ ಸುರುಟಿಕೊಂಡು ಅಂದುಕೊಂಡದ್ದಕ್ಕಿಂತ ಗಿಡ್ಡವಾಗುತ್ತದೆ. ಒದ್ದೆ ಮೀಸೆ ಕತ್ತರಿಸಿದವರು ಒಣಗಿದ ಮೇಲೆ ಪೇಚಾಡುವುದೂ ಇದಕ್ಕೇ.

ಯೋಜನೆ ಹೀಗಾಗುತ್ತದೆ. ಮೊದಲ ಸುತ್ತಿನಲ್ಲಿ ತೋಡಿನ ಕೆಳಗಿನಿಂದ ಶುರುಮಾಡಿ ಒಂದೊಂದು ಬದಿಗೂ ಕಟಬಾಯಿಯವರೆಗೆ ಕತ್ತರಿಯಿಂದ ಎರಡು ಮಿಲಿಮೀಟರ್. ಮತ್ತೆ ಬಾಚಿ, ಬಾಯಿ ಆಡಿಸಿ, ಚಿತ್ರ ತೆಗೆದು ನೋಡಿ ಉಳಿದದ್ದು. ಬಲತುದಿಯ ಆ ಒಂದು ಮಿಲಿಮೀಟರ್ ಕೊನೆಗೆ. ಮೇಲ್ಗೆರೆ ಮುಟ್ಟುವುದು ಬೇಡ, ದಪ್ಪ ಮೀಸೆಯ ಮೈಕಟ್ಟು ಅಲ್ಲಿಂದಲೇ ಬರುತ್ತದೆ. ಮುಖದ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ವಾರಕ್ಕೆ ಎರಡರಿಂದ ಎರಡೂವರೆ ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ಕೆಳಗೆರೆಗೆ ವಾರಕ್ಕೊಮ್ಮೆ ಕತ್ತರಿ ಬೇಕು, ತುದಿಗಳಿಗೆ ಎರಡು ವಾರಕ್ಕೊಮ್ಮೆ ಸಾಕು.