ಕ್ಲೇಮ್ ಬಂದರೆ ಹಣ ಹೋದೀತು, ಸ್ಟ್ರೈಕ್ ಬಂದರೆ ಚಾನೆಲ್ಲೇ!

ಮದುವೆ ವಿಡಿಯೋಗೆ ಸಿನಿಮಾ ಹಾಡು ಸೇರಿಸಿ ಯೂಟ್ಯೂಬಿಗೆ ಏರಿಸಿದಿರಿ ಎನ್ನಿ. ಅಲ್ಲಿನ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ತಾನಾಗಿಯೇ ಗುರುತಿಸಿ ಕ್ಲೇಮ್ ಹಾಕುತ್ತದೆ. ಸಾಮಾನ್ಯವಾಗಿ ವಿಡಿಯೋ ಉಳಿಯುತ್ತದೆ, ಜಾಹೀರಾತಿನ ಹಣ ಮಾತ್ರ ಹಾಡಿನ ಹಕ್ಕುದಾರರಿಗೆ ಹೋಗುತ್ತದೆ. ಗಾಬರಿಪಡುವಂಥದ್ದೇನಲ್ಲ.

ಸ್ಟ್ರೈಕ್ ಹಾಗಲ್ಲ. ಹಕ್ಕುದಾರರೇ ಕಾನೂನುಬದ್ಧವಾಗಿ ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಅದು ಚಾನೆಲ್ ಮೇಲೆಯೇ ಬೀಳುತ್ತದೆ. ಮೊದಲನೆಯದಕ್ಕೆ ಕಾಪಿರೈಟ್ ಸ್ಕೂಲ್ ಎಂಬ ಪುಟ್ಟ ಪಾಠ ಮುಗಿಸಬೇಕು. ಆಮೇಲೆ 90 ದಿನಕ್ಕೆ ಸ್ಟ್ರೈಕ್ ಅಳಿಯುತ್ತದೆ. ಅಷ್ಟರೊಳಗೆ ಮೂರಾದರೆ ಚಾನೆಲ್ ರದ್ದಾಗಬಹುದು, ಎಲ್ಲ ವಿಡಿಯೋಗಳ ಸಮೇತ.

ವಿಡಿಯೋ ಡಿಲೀಟ್ ಮಾಡಿದರೆ ಸ್ಟ್ರೈಕ್ ಹೋಗುವುದಿಲ್ಲ. ದೂರು ಕೊಟ್ಟವರೇ ಹಿಂತೆಗೆದುಕೊಳ್ಳಬೇಕು, ಇಲ್ಲವೇ ನೀವು ಪ್ರತಿ-ನೋಟಿಸ್ ಕೊಡಬೇಕು. ಇನ್ನೊಂದು: ಆಧಾರವಿಲ್ಲದೆ ಕ್ಲೇಮ್ ವಿರುದ್ಧ ಮೇಲ್ಮನವಿಯವರೆಗೂ ಹಟ ಹಿಡಿದರೆ ಅದೇ ಸ್ಟ್ರೈಕ್ ಆಗಿಬಿಡಬಹುದು.