ಪಕ್ಕದ ಶೆಡ್ಡಿಗೆ ಸಂಘದ ಪತ್ರ

ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಕ್ಕೆ ಯಾರ ಯಂತ್ರವನ್ನೂ ನಿಲ್ಲಿಸುವ ಅಧಿಕಾರವಿಲ್ಲ. ಪಕ್ಕದ ವರ್ಕ್‌ಶಾಪಿನ ಮಾಲೀಕರು ಸಂಘದ ಸದಸ್ಯರಾಗಿರಲೇಬೇಕೆಂದೂ ಇಲ್ಲ. ಆದ್ದರಿಂದ ರಾತ್ರಿ ಸದ್ದಿನ ವಿಚಾರವಾಗಿ ಕಾರ್ಯದರ್ಶಿ ಬರೆಯುವ ಪತ್ರ ಎಷ್ಟೇ ಬಿಗಿಯಾಗಿದ್ದರೂ ಕೊನೆಗೆ ಅದೊಂದು ಮನವಿಯೇ. ಓದಿದ ಮಾಲೀಕರಿಗೆ ಯಾವ ಯಂತ್ರ, ಯಾವ ಹೊತ್ತು, ಏನು ಮಾಡಬೇಕು ಎಂಬುದು ತಿಳಿದರೆ ಅದು ಕೆಲಸಕ್ಕೆ ಬರುತ್ತದೆ. ‘ರಾತ್ರಿಯಿಡೀ ಗಲಾಟೆ, ಮಕ್ಕಳಿಗೆ ನಿದ್ದೆಯಿಲ್ಲ’ ಎಂದಷ್ಟೇ ಬರೆದರೆ ‘ನಾವು ಹನ್ನೊಂದಕ್ಕೇ ಬಾಗಿಲು ಹಾಕುತ್ತೇವೆ’ ಎಂಬ ಉತ್ತರ ಬರುತ್ತದೆ. ಎಷ್ಟೋ ಸಲ ಆ ಉತ್ತರ ನಿಜವೂ ಆಗಿರುತ್ತದೆ.

ಬೆಂಗಳೂರಿನ ಕಾಮಾಕ್ಷಿಪಾಳ್ಯ, ಲಗ್ಗೆರೆಯಂಥ ಕಡೆ ಕೆಳಗೆ ಶೆಡ್ಡು, ಮೇಲೆ ಮನೆ ಇರುವುದು ಸಾಮಾನ್ಯ. ಒಂದು ಪವರ್ ಪ್ರೆಸ್, ಒಂದು ಗ್ರೈಂಡರ್, ಮೂಲೆಯಲ್ಲಿ ಒಂದು ಏರ್ ಕಂಪ್ರೆಸರ್, ನಾಲ್ಕೈದು ಕೆಲಸಗಾರರು: ಇಷ್ಟರಲ್ಲೇ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗ ತಯಾರಾಗುತ್ತದೆ. ಹಗಲು ಕರೆಂಟು ಹೋದರೆ, ಇಲ್ಲವೇ ಬೆಳಿಗ್ಗೆಯೊಳಗೆ ಮಾಲು ಕೊಡಬೇಕಾಗಿ ಬಂದರೆ ಕೆಲಸ ರಾತ್ರಿಗೆ ಜಾರುತ್ತದೆ. ಇಂಥ ಒಂದು ಶೆಡ್ಡನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಇದರ ಮೂರು ಯಂತ್ರಗಳ ಸದ್ದು ಮನೆಗಳನ್ನು ತಲುಪುವ ದಾರಿ ಬೇರೆ ಬೇರೆ. ಗ್ರೈಂಡರಿನ ಕಿರುಚು ಗಾಳಿಯಲ್ಲಿ ಬರುತ್ತದೆ. ಅದರ ತೊಂದರೆ ಹೆಚ್ಚಾಗಿ ಎದುರು ಮನೆಯವರಿಗೆ. ಅವರು ಕಿಟಕಿ ಮುಚ್ಚಿಕೊಂಡರೆ ಒಂದಿಷ್ಟು ಕಡಿಮೆಯಾಗುತ್ತದೆ. ಪ್ರೆಸ್ಸಿನ ಬಡಿತ ನೆಲ, ಗೋಡೆ, ಕಂಬಗಳ ಮೂಲಕ ಸಾಗುತ್ತದೆ. ಗೋಡೆ ಹಂಚಿಕೊಂಡ ಮನೆಯಲ್ಲಿ ಅದು ಕಿವಿಗಿಂತ ಮೊದಲು ಮಂಚಕ್ಕೆ ತಾಗುತ್ತದೆ, ಕಿಟಕಿ ಮುಚ್ಚಿ ಪ್ರಯೋಜನವಿಲ್ಲ. ಗ್ರೈಂಡರಿಗೆ ಒಳಗಿನ ಕೋಣೆ ಪರಿಹಾರವಾದರೆ ಪ್ರೆಸ್ಸಿಗೆ ಅದರ ಬುಡದಲ್ಲಿ ಕಂಪನ ತಡೆಯುವ ರಬ್ಬರ್ ಪ್ಯಾಡ್ ಬೇಕು. ಅದೂ ಯಂತ್ರದ ತೂಕಕ್ಕೆ ಹೊಂದಬೇಕು. ಹಳೆಯ ಟೈರಿನ ತುಂಡು ತುರುಕಿದರೆ ಯಂತ್ರ ಅಲುಗಾಡುತ್ತದೆಯೇ ಹೊರತು ಬಡಿತ ನಿಲ್ಲುವುದಿಲ್ಲ.

ಮೂರನೆಯದಾದ ಕಂಪ್ರೆಸರ್ ಜಗಳಕ್ಕೆ ಮೂಲವಾಗುವುದೇ ಹೆಚ್ಚು. ಅದರ ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಇಳಿದ ಕೂಡಲೇ ಪ್ರೆಷರ್ ಸ್ವಿಚ್ ತಾನಾಗಿ ಮೋಟಾರು ಚಾಲೂ ಮಾಡುತ್ತದೆ, ತುಂಬಿದ ಮೇಲೆ ನಿಲ್ಲಿಸುತ್ತದೆ. ಪೈಪಿನ ಜೋಡಣೆಯಲ್ಲೋ ಕಪ್ಲಿಂಗಿನಲ್ಲೋ ಗಾಳಿ ಸೋರುತ್ತಿದ್ದರೆ ಯಾರೂ ಕೆಲಸ ಮಾಡದಿದ್ದರೂ ಒತ್ತಡ ಇಳಿಯುತ್ತಲೇ ಇರುತ್ತದೆ. ಮೇನ್ ಸ್ವಿಚ್ ಆರಿಸದೆ ಬೀಗ ಹಾಕಿಕೊಂಡು ಹೋದ ಶೆಡ್ಡಿನಲ್ಲಿ ಅದು ಬೆಳಗಿನ ಜಾವದವರೆಗೂ ಮತ್ತೆ ಮತ್ತೆ ಗುರುಗುಟ್ಟುತ್ತದೆ. ಮನೆಗೆ ಹೋಗಿ ಮಲಗಿದ ಮಾಲೀಕರಿಗೆ ಅದರ ಸುಳಿವೇ ಇರುವುದಿಲ್ಲ. ನಿವಾಸಿಗಳು ಮಾತ್ರ ಒಳಗೆ ರಾತ್ರಿ ಪಾಳಿ ನಡೆಯುತ್ತಿದೆ ಎಂದೇ ನಂಬಿರುತ್ತಾರೆ.

ಇದನ್ನು ಬಿಡಿಸಿ ನೋಡಲು ಒಂದು ನೋಟ್‌ಬುಕ್ ಸಾಕು. ಗೋಡೆಯ ಪಕ್ಕದ ಮನೆ, ಎದುರು ಮನೆ, ಹಿಂದಿನ ಮನೆ, ಈ ಮೂರು ಕಡೆಯವರು ಒಂದು ವಾರ ಸದ್ದು ಶುರುವಾದ ಹೊತ್ತು, ನಿಂತ ಹೊತ್ತು, ಸದ್ದಿನ ಬಗೆ ಬರೆದಿಡಬೇಕು. ಈ ಉದಾಹರಣೆಯಲ್ಲಿ ಬಡಿತ ಮತ್ತು ಕಿರುಚು ಹನ್ನೊಂದು ಗಂಟೆಯ ಸುಮಾರಿಗೆ ನಿಂತಿವೆ. ಅಲ್ಲಿಂದ ಬೆಳಗಿನವರೆಗೆ ಹೆಚ್ಚುಕಡಿಮೆ 20 ನಿಮಿಷಕ್ಕೊಮ್ಮೆ 2 ನಿಮಿಷದ ಗುರುಗುಟ್ಟುವಿಕೆ ಇದೆ. ಮನುಷ್ಯರು ಕೆಲಸ ಮಾಡುವಾಗ ಸದ್ದಿಗೆ ಇಂಥ ತಾಳ ಇರುವುದಿಲ್ಲ. ಇದು ಸೋರುವ ಕಂಪ್ರೆಸರಿನ ಗುರುತು.

ಇಷ್ಟು ಗೊತ್ತಾದ ಮೇಲೆ ಪತ್ರ ಹೀಗಿರಬಹುದು:

“ಮಾನ್ಯರೆ, ತಮ್ಮ ಶೆಡ್ಡಿನಿಂದ ರಾತ್ರಿ ಬರುವ ಸದ್ದಿನ ಬಗ್ಗೆ ಮೂರು ಮನೆಯವರು ಸಂಘಕ್ಕೆ ತಿಳಿಸಿದ್ದಾರೆ. ಅವರು ಒಂದು ವಾರ ಬರೆದಿಟ್ಟ ಸಮಯದ ಪಟ್ಟಿ ಇದರೊಂದಿಗಿದೆ. ಹತ್ತು ಗಂಟೆಯ ಮೇಲೆ ಪ್ರೆಸ್ ಮತ್ತು ಗ್ರೈಂಡರ್ ಸುಮಾರು ಒಂದು ಗಂಟೆ ನಡೆಯುತ್ತಿವೆ. ಆ ಎರಡು ಕೆಲಸವನ್ನು ಹತ್ತರೊಳಗೆ ಮುಗಿಸಿಕೊಡಬೇಕಾಗಿ ಕೋರುತ್ತೇವೆ. ಅಳತೆ ಮಾಡುವುದು, ಪ್ಯಾಕ್ ಮಾಡುವುದು ಮುಂತಾದ ಸದ್ದಿಲ್ಲದ ಕೆಲಸಕ್ಕೆ ಯಾರ ಆಕ್ಷೇಪವೂ ಇಲ್ಲ. ತಾವು ಬಾಗಿಲು ಹಾಕಿದ ಮೇಲೂ 20 ನಿಮಿಷಕ್ಕೊಮ್ಮೆ ಕಂಪ್ರೆಸರ್ ತಾನಾಗಿ ಓಡುತ್ತಿರುವಂತೆ ಕಾಣುತ್ತದೆ. ಹೊರಡುವಾಗ ಅದರ ಮೇನ್ ಸ್ವಿಚ್ ಆರಿಸಿ ಹೋಗಲು ದಯವಿಟ್ಟು ಹೇಳಿ. ಈ ಭಾನುವಾರ ಬೆಳಿಗ್ಗೆ ತಮಗೆ ಬಿಡುವಿದ್ದರೆ ಅಧ್ಯಕ್ಷರೂ ನಾನೂ ಬಂದು ಮಾತಾಡುತ್ತೇವೆ. ಇಂತಿ, ಕಾರ್ಯದರ್ಶಿ.”

ಈ ಪತ್ರದಲ್ಲಿ ದೂರು ಕೊಟ್ಟವರ ಹೆಸರಿಲ್ಲ. ಹೆಸರು ಬಂದರೆ ವಿಷಯ ಸದ್ದನ್ನು ಬಿಟ್ಟು ಇಬ್ಬರು ನೆರೆಯವರ ಹಳೆಯ ಮನಸ್ತಾಪಕ್ಕೆ ಹೊರಳುತ್ತದೆ. ಕಾನೂನಿನ ಸೆಕ್ಷನ್ನುಗಳೂ ಇಲ್ಲ. ಮೊದಲ ಕಾಗದದಲ್ಲೇ ಅವನ್ನು ಎಳೆದು ತಂದರೆ ಮಾಲೀಕರು ಸ್ವಿಚ್ಚಿನ ಹತ್ತಿರ ಹೋಗುವ ಬದಲು ವಕೀಲರ ಹತ್ತಿರ ಹೋಗುತ್ತಾರೆ. ಕೇಳಿದ್ದರಲ್ಲಿ ಒಂದಕ್ಕಂತೂ ಖರ್ಚೇ ಇಲ್ಲ, ಅಂದು ರಾತ್ರಿಯೇ ಮಾಡಬಹುದು. ಸೋರುವ ಜಾಗಕ್ಕೆ ಸೋಪಿನ ನೀರು ಬಳಿದು ಗುಳ್ಳೆ ಏಳುವ ಕಡೆ ರಿಪೇರಿ ಮಾಡಿಸಿದರೆ ಕರೆಂಟು ಬಿಲ್ಲೂ ಇಳಿಯುತ್ತದೆ. ಪತ್ರ ಸಂಘದ ಲೆಟರ್‌ಹೆಡ್ಡಿನಲ್ಲಿ, ಸಮಿತಿಯ ನಿರ್ಣಯದ ಮೇಲೆ ಹೋಗಬೇಕು. ಕೈಯಾರೆ ಕೊಟ್ಟು, ಪ್ರತಿಯ ಮೇಲೆ ತಲುಪಿದ ಬಗ್ಗೆ ಸಹಿ ಪಡೆಯುವುದು ಒಳ್ಳೆಯದು.

ಡೆಸಿಬಲ್ ಲೆಕ್ಕ ಪತ್ರದಲ್ಲಿ ಏಕಿಲ್ಲ ಎಂದು ಕೆಲವರು ಕೇಳಬಹುದು. ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು. ಮೊಬೈಲ್ ಆ್ಯಪ್ ತೋರಿಸುವ ಅಂಕಿ ಅಂದಾಜಿಗಷ್ಟೇ ಸರಿ, ಫೋನಿನಿಂದ ಫೋನಿಗೆ ಅದು ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ನಿಯಮದ ಮಿತಿ ಒಂದು ಕ್ಷಣದ ಸದ್ದಿಗಲ್ಲ, ಅವಧಿಯುದ್ದಕ್ಕೂ ಹರಡಿದ ಸರಾಸರಿ ಶಕ್ತಿಗೆ. ಮಲಗುವ ಕೋಣೆಯ ಕಿಟಕಿಯ ಬಳಿ 55 ಡೆಸಿಬಲ್ ಸದ್ದು ಮಾಡುವ ಕಂಪ್ರೆಸರ್ 20 ನಿಮಿಷದಲ್ಲಿ 2 ನಿಮಿಷ ಮಾತ್ರ ಓಡುತ್ತದೆ, ಉಳಿದ ಹೊತ್ತು ನಿಶ್ಶಬ್ದ ಎಂದುಕೊಳ್ಳೋಣ. ಅದು ಓಡುವುದು ಒಟ್ಟು ಸಮಯದ ಹತ್ತರಲ್ಲಿ ಒಂದು ಪಾಲು. ಡೆಸಿಬಲ್ ಲೆಕ್ಕದಲ್ಲಿ ಹತ್ತನೆಯ ಒಂದು ಪಾಲೆಂದರೆ 10 ಕಡಿಮೆ, ಹಾಗಾಗಿ ಸರಾಸರಿ 45ಕ್ಕೆ ಬಂದು ನಿಲ್ಲುತ್ತದೆ. ಮಲಗಿದವರಿಗೆ ಗಂಟೆಗೆ ಮೂರು ಸಲ ಎಚ್ಚರವಾದರೂ ಮೀಟರಿನ ಲೆಕ್ಕ ಮಿತಿಯನ್ನು ದಾಟಿರುವುದಿಲ್ಲ. ಇಂಥ ಸದ್ದಿಗೆ ನೋಟ್‌ಬುಕ್ಕಿನ ಪಟ್ಟಿ ಹೇಳುವುದನ್ನು ಒಂದು ಸರಾಸರಿ ಅಂಕಿ ಹೇಳಲಾರದು.

ಪತ್ರ ಕೊಟ್ಟ ಮೇಲೆ ಅದೇ ಮನೆಯವರು ಇನ್ನೂ ಎರಡು ವಾರ ಸಮಯ ಬರೆಯುತ್ತಾ ಹೋಗಬೇಕು. ಗುರುಗುಟ್ಟುವುದು ನಿಂತು, ಪ್ರೆಸ್ ಮಾತ್ರ ಹತ್ತೂವರೆಯವರೆಗೆ ನಡೆದರೆ ಎರಡನೆಯ ಪತ್ರ ಅದಕ್ಕಷ್ಟೇ ಸೀಮಿತವಾಗಬೇಕು. ನಿಂತಿದ್ದಕ್ಕೆ ಅದರಲ್ಲಿ ಒಂದು ಧನ್ಯವಾದವೂ ಇರಲಿ. ಏನೂ ಬದಲಾಗದಿದ್ದರೆ ಪತ್ರದ ಪ್ರತಿ, ಹಳೆಯ ಹೊಸ ಪಟ್ಟಿಗಳ ಜೊತೆ ಪೊಲೀಸರಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಡಬಹುದು. ಸಾರ್ವಜನಿಕ ಉಪದ್ರವವೆಂದು ಕಂಡರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಅದನ್ನು ನಿವಾರಿಸುವಂತೆ ಆದೇಶಿಸುವ ಅಧಿಕಾರ ದಂಡಾಧಿಕಾರಿಗಳಿಗಿದೆ. ಅಲ್ಲಿಗೆ ಹೋಗುವ ಮುನ್ನ ಆ ಬೀದಿ ಯಾವ ವಲಯಕ್ಕೆ ಸೇರಿದೆ ಎಂದು ಕಾರ್ಯದರ್ಶಿ ಖಚಿತ ಮಾಡಿಕೊಳ್ಳಬೇಕು. ಮನೆಗಳು ಸಾಲಾಗಿದ್ದರೂ ಆ ಜಾಗ ಕೈಗಾರಿಕಾ ಪ್ರದೇಶವೆಂದು ಗುರುತಾಗಿದ್ದರೆ ರಾತ್ರಿಯ ಮಿತಿ 45 ಅಲ್ಲ, 70.