ಹೊಸ ಕ್ಲಿನಿಕ್: ಮೊದಲ ಲಕ್ಷ ಎಲ್ಲಿಗೆ?

ಹೋಬಳಿ ಊರಿನಲ್ಲಿ ಒಬ್ಬ ವೈದ್ಯರು ಉಪಕರಣಗಳಿಗೆ ಒಂದು ಲಕ್ಷ ರೂಪಾಯಿ ಇಟ್ಟುಕೊಂಡು ಕ್ಲಿನಿಕ್ ತೆರೆಯುತ್ತಾರೆ ಎನ್ನೋಣ. ಮೊದಲು ಬರಬೇಕಾದದ್ದು ಇಸಿಜಿ ಯಂತ್ರವಲ್ಲ, ತುರ್ತು ಟ್ರೇ. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ರೋಗಿಗೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಬಿಪಿ ಕುಸಿಯಬಹುದು. ಆಗ ವಯಸ್ಕರ ತೊಡೆಯ ಹೊರಭಾಗದ ಸ್ನಾಯುವಿಗೆ ವೈದ್ಯರು ಕೊಡುವ 0.5 ಮಿಲಿಗ್ರಾಂ ಅಡ್ರಿನಲಿನ್ ಜೀವ ಉಳಿಸುತ್ತದೆ. ಬೆಲೆ ಅಗ್ಗ, ಆದರೆ ಅವಧಿ ಮುಗಿದಿರುವುದನ್ನು ಯಾರೂ ನೋಡಿರುವುದಿಲ್ಲ. ಆಂಪೂಲಿನ ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಲೇಬಾರದು. ಪಕ್ಕದಲ್ಲೇ ಆಂಬು ಬ್ಯಾಗ್, ಆಮ್ಲಜನಕದ ಸಿಲಿಂಡರ್ ಇರಲಿ. 1,500 ಲೀಟರಿನ ತುಂಬಿದ ಸಿಲಿಂಡರ್, ನಿಮಿಷಕ್ಕೆ 5 ಲೀಟರಿನಂತೆ, ಸುಮಾರು 5 ಗಂಟೆ ಬರುತ್ತದೆ.

ಆಮೇಲೆ ದಿನನಿತ್ಯದವು: ಸ್ಟೆತಸ್ಕೋಪ್, ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ಬಿಪಿ ಉಪಕರಣ. ಬಿಪಿಗೆ ದೊಡ್ಡ ಪಟ್ಟಿಯನ್ನೂ ಕೊಳ್ಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ನಿಜಕ್ಕಿಂತ ಹೆಚ್ಚು ತೋರಿ, ಬೇಡದ ಮಾತ್ರೆ ಶುರುವಾಗುತ್ತದೆ.

ಗ್ಲುಕೋಮೀಟರ್ ಒಮ್ಮೆಯ ಖರ್ಚು, ಸ್ಟ್ರಿಪ್ ತಿಂಗಳ ಖರ್ಚು. ಡಬ್ಬಿ ತೆರೆದಿಟ್ಟರೆ ತೇವಕ್ಕೆ ಸ್ಟ್ರಿಪ್ ಕೆಟ್ಟು ತಪ್ಪು ಅಂಕಿ ಕೊಡುತ್ತದೆ. ಹಾಗಾಗಿ ಚಿಕ್ಕ ಡಬ್ಬಿಯೇ ಲೇಸು. ಸಿರಿಂಜ್, ಗ್ಲೌಸ್, ಹತ್ತಿ, ಬಣ್ಣದ ಕಸದ ಚೀಲ, ಸೂಜಿ ಹಾಕುವ ಗಟ್ಟಿ ಡಬ್ಬಿಗೆ ಮೂರು ತಿಂಗಳ ಹಣ ಎತ್ತಿಡಬೇಕು. ಇಸಿಜಿ, ಉಳಿದ ಹಣದಲ್ಲಿ.